ಮಾರಾಟ ಏರಿತು, ಲಾಭ ಇಳಿಯಿತು: ವಾಟರ್‌ಫಾಲ್ ಚಾರ್ಟ್‌ನಲ್ಲಿ ಲೆಕ್ಕ ಬಿಡಿಸುವ ಬಗೆ

ಒಂದು ಕಂಪನಿ ಎರಡು ಬಗೆಯ ಬ್ಯಾಗ್ ಮಾಡಿ ಮಾರುತ್ತದೆ ಅಂದುಕೊಳ್ಳಿ, ಸಣ್ಣದು ಮತ್ತು ದೊಡ್ಡದು. ಕಳೆದ ವರ್ಷ ಮಾರಾಟ 70 ಲಕ್ಷ, ಲಾಭ 12 ಲಕ್ಷ. ಈ ವರ್ಷ ಮಾರಾಟ 77.4 ಲಕ್ಷಕ್ಕೆ ಏರಿದೆ, ಲಾಭ ಮಾತ್ರ 11.3 ಲಕ್ಷಕ್ಕೆ ಇಳಿದಿದೆ. ಮೀಟಿಂಗಿನಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ: "ಇಷ್ಟು ಜಾಸ್ತಿ ಮಾರಿದ್ರೂ ಲಾಭ ಯಾಕೆ ಕಮ್ಮಿ ಆಯ್ತು?"

ಈ ಪ್ರಶ್ನೆಗೆ ಚಿತ್ರದಲ್ಲಿ ಉತ್ತರ ಕೊಡುವುದೇ ವಾಟರ್‌ಫಾಲ್ ಚಾರ್ಟ್‌ನ ಕೆಲಸ. ಎಡತುದಿಯಲ್ಲಿ 12 ಲಕ್ಷದ ಒಂದು ಕಂಬ, ಬಲತುದಿಯಲ್ಲಿ 11.3 ಲಕ್ಷದ ಇನ್ನೊಂದು. ಇವೆರಡೂ ನೆಲದಿಂದ ಎದ್ದಿರುತ್ತವೆ. ನಡುವೆ ಗಾಳಿಯಲ್ಲಿ ತೇಲುವ ಸಣ್ಣ ಕಂಬಗಳು ಇರುತ್ತವೆ. ಒಂದೊಂದು ಕಂಬವೂ ಒಂದೊಂದು ಕಾರಣ. ಹಿಂದಿನ ಕಂಬ ಎಲ್ಲಿಗೆ ಮುಗಿಯಿತೋ ಅಲ್ಲಿಂದಲೇ ಮುಂದಿನದು ಶುರುವಾಗುತ್ತದೆ. ಲಾಭ ಹೆಚ್ಚಿಸಿದ್ದು ಮೇಲಕ್ಕೆ ಹೋಗುತ್ತದೆ, ತಗ್ಗಿಸಿದ್ದು ಕೆಳಕ್ಕೆ ಬರುತ್ತದೆ. ಕೊನೆಯ ಮೆಟ್ಟಿಲು ನಿಲ್ಲುವ ಎತ್ತರ ಮತ್ತು ಬಲತುದಿಯ ಕಂಬದ ಎತ್ತರ ಒಂದೇ ಆಗಿರಬೇಕು. ಎಷ್ಟೋ ಆಫೀಸುಗಳಲ್ಲಿ ಇದನ್ನೇ ಪ್ರಾಫಿಟ್ ಬ್ರಿಡ್ಜ್ ಅನ್ನುತ್ತಾರೆ.

ಚಾರ್ಟ್ ಬಿಡಿಸುವುದು ಹತ್ತು ನಿಮಿಷದ ಕೆಲಸ. ಆ ನಡುವಿನ ಕಂಬಗಳು ಯಾವುವು, ಒಂದೊಂದರ ಎತ್ತರ ಎಷ್ಟು ಅಂತ ತೀರ್ಮಾನಿಸುವುದರಲ್ಲೇ ನಿಜವಾದ ಕಷ್ಟ ಇರುವುದು. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಸರಿಯಾಗಿದ್ದೂ ಏನೂ ಹೇಳದ ಚಾರ್ಟ್

ಮೊದಲು ಎರಡೂ ವರ್ಷದ ಅಂಕಿಗಳನ್ನು ಪಕ್ಕಪಕ್ಕ ಇಡೋಣ. ಬೆಲೆ ಮತ್ತು ವೆಚ್ಚ ಒಂದು ಬ್ಯಾಗಿಗೆ.

| | ಕಳೆದ ವರ್ಷ | ಈ ವರ್ಷ |
|---|---|---|
| ಸಣ್ಣ ಬ್ಯಾಗ್: ಮಾರಿದ ಸಂಖ್ಯೆ | 6,000 | 9,000 |
| ಸಣ್ಣ ಬ್ಯಾಗ್: ಬೆಲೆ | 500 | 520 |
| ಸಣ್ಣ ಬ್ಯಾಗ್: ತಯಾರಿಕೆ ವೆಚ್ಚ | 300 | 320 |
| ದೊಡ್ಡ ಬ್ಯಾಗ್: ಮಾರಿದ ಸಂಖ್ಯೆ | 4,000 | 3,000 |
| ದೊಡ್ಡ ಬ್ಯಾಗ್: ಬೆಲೆ | 1,000 | 1,020 |
| ದೊಡ್ಡ ಬ್ಯಾಗ್: ತಯಾರಿಕೆ ವೆಚ್ಚ | 600 | 650 |
| ಸಂಬಳ | 10 ಲಕ್ಷ | 11.5 ಲಕ್ಷ |
| ಬಾಡಿಗೆ ಮತ್ತು ಇತರ ಖರ್ಚು | 6 ಲಕ್ಷ | 6.3 ಲಕ್ಷ |

ಲಾಭ-ನಷ್ಟದ ಪಟ್ಟಿಯಲ್ಲಿ ಸಾಲುಗಳು ಹೇಗಿವೆಯೋ ಹಾಗೇ ತೆಗೆದುಕೊಂಡು ಕಂಬ ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಮಾರಾಟ 7.4 ಲಕ್ಷ ಏರಿತು. ತಯಾರಿಕೆ ವೆಚ್ಚ 42 ಲಕ್ಷದಿಂದ 48.3 ಲಕ್ಷಕ್ಕೆ, ಅಂದರೆ 6.3 ಲಕ್ಷ ಏರಿತು. ಸಂಬಳ 1.5 ಲಕ್ಷ, ಇತರ ಖರ್ಚು 0.3 ಲಕ್ಷ ಏರಿದವು. 12ಕ್ಕೆ 7.4 ಕೂಡಿಸಿ, ಉಳಿದದ್ದನ್ನೆಲ್ಲ ಕಳೆದರೆ 11.3 ಬರುತ್ತದೆ. ಲೆಕ್ಕದಲ್ಲಿ ತಪ್ಪೇನಿಲ್ಲ.

ಆದರೆ ಇದನ್ನು ನೋಡಿದವರಿಗೆ ಏನು ಗೊತ್ತಾಯಿತು? ಮಾರಾಟ ಏರಿದ್ದು ಜಾಸ್ತಿ ಬ್ಯಾಗ್ ಹೋಗಿದ್ದರಿಂದಲೋ, ಬೆಲೆ ಏರಿಸಿದ್ದರಿಂದಲೋ? ವೆಚ್ಚ ಏರಿದ್ದು ಬಟ್ಟೆ, ಜಿಪ್ ದುಬಾರಿ ಆಗಿದ್ದರಿಂದಲೋ, ಹೆಚ್ಚು ಬ್ಯಾಗ್ ಮಾಡಿದ್ದರಿಂದ ಸಹಜವಾಗಿ ಏರಿತೋ? ಒಂದೂ ಗೊತ್ತಾಗುವುದಿಲ್ಲ. ಜಾಸ್ತಿ ಮಾರಿದ್ದರಿಂದ ಏರಿದ ವೆಚ್ಚ ಕೆಟ್ಟ ಸುದ್ದಿಯೇ ಅಲ್ಲ, ಆದರೂ ಅದು ಕೆಂಪು ಕಂಬದಲ್ಲಿ ಸೇರಿಕೊಂಡಿದೆ. ಎಷ್ಟೋ ರಿಪೋರ್ಟುಗಳಲ್ಲಿ ವಾಟರ್‌ಫಾಲ್ ಚಾರ್ಟ್ ಸುಮ್ನೆ ಅಲಂಕಾರಕ್ಕೆ ಇರುವಂತೆ ಕಾಣುವುದು ಇದೇ ಕಾರಣಕ್ಕೆ. ಪಟ್ಟಿಯಲ್ಲಿದ್ದದ್ದನ್ನೇ ಕಂಬ ಮಾಡಿ ನಿಲ್ಲಿಸಿರುತ್ತಾರೆ.

ಒಂದೊಂದನ್ನೇ ಬದಲಿಸುತ್ತಾ ಹೋಗುವುದು

ಕಾರಣಗಳನ್ನು ಬೇರ್ಪಡಿಸಲು ಒಂದು ನೇರವಾದ ದಾರಿ ಇದೆ. ಕಳೆದ ವರ್ಷದ ಅಂಕಿಗಳಿಂದ ಹೊರಡಿ. ಒಂದು ಸಲಕ್ಕೆ ಒಂದೇ ಒಂದು ವಿಷಯವನ್ನು ಈ ವರ್ಷದ್ದಕ್ಕೆ ಬದಲಿಸಿ. ಲಾಭ ಎಷ್ಟು ಜರುಗಿತು ಅಂತ ಬರೆದುಕೊಳ್ಳಿ. ಆ ಬದಲಾವಣೆಯನ್ನು ಹಾಗೇ ಇಟ್ಟುಕೊಂಡು ಮುಂದಿನದನ್ನು ಬದಲಿಸಿ. ಎಲ್ಲವೂ ಬದಲಾದಾಗ ನೀವು ಈ ವರ್ಷದ ಲಾಭಕ್ಕೆ ಬಂದು ನಿಂತಿರುತ್ತೀರಿ. ಹೀಗೆ ಮಾಡಿದರೆ ಮೊತ್ತ ತಾನಾಗಿಯೇ ಕೂಡಿಬರುತ್ತದೆ.

ಕಳೆದ ವರ್ಷ ಸಣ್ಣ ಬ್ಯಾಗಿಗೆ ಮಾರ್ಜಿನ್ 200, ದೊಡ್ಡದಕ್ಕೆ 400. ಬೆಲೆಯಿಂದ ತಯಾರಿಕೆ ವೆಚ್ಚ ಕಳೆದರೆ ಉಳಿಯುವುದನ್ನೇ ಇಲ್ಲಿ ಮಾರ್ಜಿನ್ ಅನ್ನುತ್ತಿದ್ದೇನೆ. ಎರಡೂ ಸೇರಿ 28 ಲಕ್ಷ ಬಂದಿತ್ತು. ಅದರಲ್ಲಿ ಸಂಬಳ, ಬಾಡಿಗೆ ಇತ್ಯಾದಿಗೆ 16 ಲಕ್ಷ ಹೋಗಿ 12 ಲಕ್ಷ ಉಳಿದಿತ್ತು.

ಮೊದಲು ವಾಲ್ಯೂಮ್, ಅಂದರೆ ಒಟ್ಟು ಎಷ್ಟು ಬ್ಯಾಗ್ ಹೋಯಿತು ಅನ್ನುವುದು. ಒಟ್ಟು ಸಂಖ್ಯೆ 10,000ದಿಂದ 12,000ಕ್ಕೆ ಏರಿದೆ, ಅಂದರೆ ಶೇ 20 ಜಾಸ್ತಿ. ಉಳಿದೆಲ್ಲ ಮೊದಲಿನಂತೆಯೇ ಇದ್ದು, ಸಣ್ಣದು-ದೊಡ್ಡದು ಹಳೆಯ ಪ್ರಮಾಣದಲ್ಲೇ ಹೋಗಿದ್ದರೆ 28 ಲಕ್ಷವೂ ಶೇ 20 ಏರಿ 33.6 ಲಕ್ಷ ಆಗುತ್ತಿತ್ತು. ಹಾಗಾಗಿ ವಾಲ್ಯೂಮ್ ಕಂಬ +5.6 ಲಕ್ಷ.

ಆದರೆ ಹಳೆಯ ಪ್ರಮಾಣ ಉಳಿದಿಲ್ಲ. ಮೊದಲು ಹತ್ತರಲ್ಲಿ ನಾಲ್ಕು ದೊಡ್ಡ ಬ್ಯಾಗ್ ಇರುತ್ತಿದ್ದವು. ಈಗ ನಾಲ್ಕರಲ್ಲಿ ಒಂದು ಮಾತ್ರ. ಜಾಸ್ತಿ ಮಾರ್ಜಿನ್ ಕೊಡುವ ಬ್ಯಾಗ್ ಕಮ್ಮಿಯಾಗಿ, ಕಮ್ಮಿ ಕೊಡುವುದು ಜಾಸ್ತಿಯಾಗಿದೆ. ಈ ವರ್ಷದ ಸಂಖ್ಯೆಗಳನ್ನು ಕಳೆದ ವರ್ಷದ ಮಾರ್ಜಿನ್‌ನಿಂದ ಗುಣಿಸಿ ನೋಡಿ. 9,000ಕ್ಕೆ 200ರಂತೆ 18 ಲಕ್ಷ, 3,000ಕ್ಕೆ 400ರಂತೆ 12 ಲಕ್ಷ, ಒಟ್ಟು 30 ಲಕ್ಷ. ಇರಬೇಕಾಗಿದ್ದ 33.6ಕ್ಕಿಂತ 3.6 ಲಕ್ಷ ಕಮ್ಮಿ. ಇದು ಮಿಕ್ಸ್ ಕಂಬ, −3.6. ಇಡೀ ಕಥೆಯ ತಿರುವು ಇರುವುದು ಇಲ್ಲೇ. ಲಾಭ-ನಷ್ಟದ ಪಟ್ಟಿಯಲ್ಲಿ ಮಿಕ್ಸ್ ಅನ್ನುವ ಸಾಲು ಎಲ್ಲೂ ಇರುವುದಿಲ್ಲ. ಲೆಕ್ಕ ಬಿಡಿಸದೆ ಅದು ಕಣ್ಣಿಗೆ ಬೀಳುವುದೇ ಇಲ್ಲ.

ಮೂರನೆಯದು ಬೆಲೆ. ಎರಡೂ ಬ್ಯಾಗಿಗೆ 20 ಏರಿಸಿದ್ದಾರೆ. ಈಗಾಗಲೇ ಸಂಖ್ಯೆಗಳನ್ನು ಈ ವರ್ಷದ್ದಕ್ಕೆ ಬದಲಿಸಿಕೊಂಡಿದ್ದೇವೆ, ಹಾಗಾಗಿ 12,000 ಬ್ಯಾಗಿಗೆ 20ರಂತೆ +2.4 ಲಕ್ಷ.

ನಾಲ್ಕನೆಯದು ಒಂದು ಬ್ಯಾಗಿನ ತಯಾರಿಕೆ ವೆಚ್ಚ. ಸಣ್ಣದಕ್ಕೆ 20 ಏರಿದೆ, 9,000ಕ್ಕೆ 1.8 ಲಕ್ಷ. ದೊಡ್ಡದಕ್ಕೆ 50 ಏರಿದೆ, 3,000ಕ್ಕೆ 1.5 ಲಕ್ಷ. ಒಟ್ಟು −3.3 ಲಕ್ಷ. ಮೊದಲ ಚಾರ್ಟ್‌ನಲ್ಲಿ ವೆಚ್ಚ 6.3 ಲಕ್ಷ ಏರಿದೆ ಅಂತ ಕಂಡಿತ್ತಲ್ವಾ, ಅದರಲ್ಲಿ ನಿಜವಾಗಿ ದುಬಾರಿ ಆಗಿದ್ದರಿಂದ ಹೋದದ್ದು ಇಷ್ಟೇ. ಉಳಿದ 3 ಲಕ್ಷ ಮಾರಾಟವಾದ ಬ್ಯಾಗುಗಳ ಜೊತೆಗೆ ಬಂದ ವೆಚ್ಚ.

ಸಂಬಳ ಮತ್ತು ಇತರ ಖರ್ಚಿಗೆ ಇಂಥ ಕಸರತ್ತು ಬೇಡ, ವ್ಯತ್ಯಾಸವನ್ನೇ ಬರೆದರೆ ಸಾಕು: −1.5 ಮತ್ತು −0.3.

ಈಗ 12ರಿಂದ ಹೊರಟು ನೋಡಿ. 17.6, 14.0, 16.4, 13.1, 11.6, ಕೊನೆಗೆ 11.3. ಕೂಡಿಬಂತು. ಲಾಭ 0.7 ಲಕ್ಷ ಇಳಿಯಿತು ಅನ್ನುವ ಸಣ್ಣ ಸುದ್ದಿಯ ಹಿಂದೆ ಒಟ್ಟು 8 ಲಕ್ಷ ಮೇಲಕ್ಕೂ 8.7 ಲಕ್ಷ ಕೆಳಕ್ಕೂ ಎಳೆದಾಡಿದೆ ಅಂತ ಈಗ ಕಾಣುತ್ತದೆ.

ಬಜೆಟ್‌ಗೂ ಇದೇ ಕ್ರಮ. ಕಳೆದ ವರ್ಷದ ಜಾಗದಲ್ಲಿ ಬಜೆಟ್ ಅಂಕಿಗಳನ್ನು, ಈ ವರ್ಷದ ಜಾಗದಲ್ಲಿ ನಿಜವಾಗಿ ಆದದ್ದನ್ನು ಇಟ್ಟರೆ ಮುಗಿಯಿತು.

ಕ್ರಮ ಬದಲಾದರೆ ಕಂಬದ ಎತ್ತರವೂ ಬದಲಾಗುತ್ತದೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು. ಚಾರ್ಟ್ ಮಾಡುವವರು ಎಡವುವುದು ಹೆಚ್ಚಾಗಿ ಇದೇ ಜಾಗದಲ್ಲಿ.

ಬೆಲೆ ಏರಿಕೆಯ ಪರಿಣಾಮ 2.4 ಲಕ್ಷ ಅಂದೆವು. ಈ ವರ್ಷದ 12,000 ಬ್ಯಾಗಿನ ಮೇಲೆ ಹಾಕಿದ ಲೆಕ್ಕ ಅದು. ಇನ್ನೊಬ್ಬರು ಬಂದು, "ಬೆಲೆಯ ಪರಿಣಾಮ ನೋಡಬೇಕಾದರೆ ಸಂಖ್ಯೆ ಹಳೆಯದೇ ಇರಬೇಕಲ್ವಾ?" ಅಂತ ಕೇಳಬಹುದು. ಹಾಗೆ ಮಾಡಿದರೆ 10,000ಕ್ಕೆ 20ರಂತೆ 2 ಲಕ್ಷ. ನಡುವಿನ 0.4 ಲಕ್ಷ ಯಾರದ್ದು? ಹೆಚ್ಚಿಗೆ ಹೋದ 2,000 ಬ್ಯಾಗಿನ ಮೇಲೆ ಸಿಕ್ಕ ಹೆಚ್ಚಿನ 20 ಅದು. ಹೆಚ್ಚು ಬ್ಯಾಗ್ ಹೋಗದಿದ್ದರೆ ಅದು ಬರುತ್ತಿರಲಿಲ್ಲ, ಬೆಲೆ ಏರಿಸದಿದ್ದರೂ ಬರುತ್ತಿರಲಿಲ್ಲ. ಇಬ್ಬರೂ ಸೇರಿ ದುಡಿದದ್ದು. ಯಾರ ಲೆಕ್ಕಕ್ಕೆ ಬರೆದರೂ ಸುಳ್ಳಲ್ಲ.

ಯಾವುದನ್ನು ಮೊದಲು ಬದಲಿಸುತ್ತೀರೋ ಅದು ಹಳೆಯ ಅಂಕಿಗಳ ಮೇಲೆ ಅಳೆಯಲ್ಪಡುತ್ತದೆ, ಆಮೇಲೆ ಬಂದದ್ದು ಹೊಸ ಅಂಕಿಗಳ ಮೇಲೆ. ಹಾಗಾಗಿ ಜಂಟಿ ಪಾಲು ಆಮೇಲೆ ಬಂದವರಿಗೆ ಸೇರುತ್ತದೆ. ನಮ್ಮ ಲೆಕ್ಕವನ್ನೇ ತಿರುಗಿಸಿ ನೋಡಿ. ಬೆಲೆ ಮೊದಲು, ಆಮೇಲೆ ತಯಾರಿಕೆ ವೆಚ್ಚ, ಆಮೇಲೆ ವಾಲ್ಯೂಮ್, ಕೊನೆಗೆ ಮಿಕ್ಸ್ ಅಂತ ಹೋದರೆ ಬೆಲೆ +2.0, ವೆಚ್ಚ −3.2, ವಾಲ್ಯೂಮ್ +5.36, ಮಿಕ್ಸ್ −3.06. ಒಟ್ಟು ಅಷ್ಟೇ, ಆದರೆ ಮಿಕ್ಸ್‌ನ ಹೊರೆ 3.6ರಿಂದ ಸುಮಾರು 3.1ಕ್ಕೆ ಇಳಿಯಿತು. ದೊಡ್ಡ ಬ್ಯಾಗಿನ ಹೊಸ ಮಾರ್ಜಿನ್ 400 ಅಲ್ಲ, 370. ಹೊಸ ಮಾರ್ಜಿನ್‌ನಲ್ಲಿ ಅಳೆದರೆ ಅದನ್ನು ಕಳೆದುಕೊಂಡ ನೋವೂ ಅಷ್ಟು ಕಮ್ಮಿಯೇ.

ಸರಿಯಾದ ಕ್ರಮ ಅಂತ ಒಂದೇ ಇಲ್ಲ. ವಾಲ್ಯೂಮ್, ಮಿಕ್ಸ್, ಬೆಲೆ, ವೆಚ್ಚ ಅನ್ನುವ ಕ್ರಮ ಹೆಚ್ಚು ಬಳಕೆಯಲ್ಲಿದೆ, ನನಗೂ ಅದೇ ಹಿಡಿಸುತ್ತದೆ. ಎಷ್ಟು ಮಾರಿದೆವು, ಏನನ್ನು ಮಾರಿದೆವು, ಎಷ್ಟಕ್ಕೆ ಮಾರಿದೆವು, ಎಷ್ಟು ಖರ್ಚಾಯಿತು ಅಂತ ಕೇಳುವವರಿಗೂ ಅದು ಸರಾಗವಾಗಿ ಅರ್ಥವಾಗುತ್ತದೆ. ಆದರೆ ಒಮ್ಮೆ ಆರಿಸಿಕೊಂಡ ಮೇಲೆ ಪ್ರತಿ ತಿಂಗಳೂ ಅದನ್ನೇ ಇಟ್ಟುಕೊಳ್ಳಿ. ಒಂದು ತಿಂಗಳು ಒಂದು ಕ್ರಮ, ಮುಂದಿನ ತಿಂಗಳು ಇನ್ನೊಂದು ಆದರೆ ಬೆಲೆಯ ಕಂಬ ಸುಮ್ಮಸುಮ್ಮನೆ ಏರಿಳಿಯುತ್ತದೆ. ಬೋನಸ್ ಯಾವುದಾದರೂ ಕಂಬಕ್ಕೆ ಜೋಡಿಸಿಟ್ಟಿದ್ದರಂತೂ ಕ್ರಮ ಬದಲಿಸಲು ಒತ್ತಡವೂ ಬರುತ್ತದೆ.

ಇಲ್ಲೊಂದು ತಪ್ಪು ಪದೇ ಪದೇ ಕಾಣಸಿಗುತ್ತದೆ. ಎಲ್ಲವನ್ನೂ ಹಳೆಯ ಅಂಕಿಗಳ ಮೇಲೇ ಅಳೆಯುವುದು. ವಾಲ್ಯೂಮ್, ಮಿಕ್ಸ್ ಹಳೆಯ ಮಾರ್ಜಿನ್ ಮೇಲೆ, ಬೆಲೆ ಮತ್ತು ವೆಚ್ಚ ಹಳೆಯ ಸಂಖ್ಯೆಗಳ ಮೇಲೆ. ಆಗ ಜಂಟಿ ಪಾಲು ಯಾರಿಗೂ ಸೇರದೆ ಹೊರಗೆ ಉಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಬೆಲೆಯ ಕಡೆ 0.4 ಬಿಟ್ಟುಹೋಗುತ್ತದೆ, ವೆಚ್ಚದ ಕಡೆ −0.1 ಬಿಟ್ಟುಹೋಗುತ್ತದೆ. ಮೆಟ್ಟಿಲುಗಳು 11.0ಕ್ಕೆ ಬಂದು ನಿಲ್ಲುತ್ತವೆ, ಲಾಭ ಇರುವುದು 11.3. ಆ 0.3 ಲಕ್ಷಕ್ಕೆ "ಇತರೆ" ಅಂತ ಒಂದು ಕಂಬ ಸೇರಿಸಿ ಮುಗಿಸಿಬಿಡುತ್ತಾರೆ. ಅಲ್ಲಿಗೆ ಚಾರ್ಟ್ ಚೆನ್ನಾಗಿಯೇ ಕಾಣುತ್ತದೆ, ಯಾರೂ ಕೇಳುವುದಿಲ್ಲ. ಆದರೆ ಅದೇ "ಇತರೆ" ಕಂಬದಲ್ಲಿ ನಾಳೆ ಒಂದು ನಿಜವಾದ ತಪ್ಪು, ಎರಡು ಸಲ ಬಿದ್ದ ಖರ್ಚೋ ಬಿಟ್ಟುಹೋದ ಬಿಲ್ಲೋ, ಬಂದು ಕೂತರೂ ಗೊತ್ತಾಗುವುದಿಲ್ಲ. "ಇತರೆ" ಅಂತ ಹಾಕಬೇಕೆಂದರೆ ಅದರೊಳಗೆ ಏನೇನಿದೆ ಅಂತ ಹೆಸರು ಹೇಳಲು ಬರಬೇಕು. ಉಳಿಕೆಯನ್ನು ಕಳೆದು ತೆಗೆದು ಅಲ್ಲಿ ತುಂಬಬಾರದು.

ಶೀಟಿನಲ್ಲಿ ಕಟ್ಟುವುದು

ಎಕ್ಸೆಲ್‌ನಲ್ಲಿ 2016ರ ಆವೃತ್ತಿಯಿಂದ ವಾಟರ್‌ಫಾಲ್ ಚಾರ್ಟ್ ಸಿದ್ಧವಾಗಿಯೇ ಇದೆ. ಒಂದು ಕಾಲಮ್‌ನಲ್ಲಿ ಹೆಸರು, ಪಕ್ಕದಲ್ಲಿ ಅಂಕಿ: 12, 5.6, −3.6, 2.4, −3.3, −1.5, −0.3, 11.3. ಇಷ್ಟನ್ನು ಆಯ್ದುಕೊಂಡು Insert ಟ್ಯಾಬ್‌ನಿಂದ Waterfall ಹಾಕಿದರೆ ಚಾರ್ಟ್ ಬರುತ್ತದೆ, ಆದರೆ ತಪ್ಪಾಗಿ ಬರುತ್ತದೆ. ಕೊನೆಯ 11.3 ಒಟ್ಟು ಮೊತ್ತ ಅಂತ ಎಕ್ಸೆಲ್‌ಗೆ ಗೊತ್ತಿಲ್ಲ. ಅದನ್ನೂ ಇನ್ನೊಂದು ಏರಿಕೆ ಅಂದುಕೊಂಡು 11.3ರ ಮೇಲೆ 11.3 ಪೇರಿಸಿ 22.6ಕ್ಕೆ ಕೊಂಡೊಯ್ಯುತ್ತದೆ. ಬಲತುದಿಯ ಕಂಬ ನೆಲ ಬಿಟ್ಟು ತೇಲುತ್ತಿದ್ದರೆ ಇದೇ ಆಗಿದೆ ಅಂತ ತಿಳಿಯಿರಿ. ಆ ಕಂಬವೊಂದನ್ನೇ ಆಯ್ದುಕೊಂಡು, ಬಲ ಕ್ಲಿಕ್ ಮಾಡಿ Set as Total ಒತ್ತಿ. ಮೊದಲ ಕಂಬಕ್ಕೂ ಹಾಗೇ ಮಾಡಿ. ಅದು ನೆಲದಿಂದಲೇ ಎದ್ದಿರುತ್ತದೆ ನಿಜ, ಆದರೆ ಏರಿಕೆಯ ಬಣ್ಣದಲ್ಲಿರುತ್ತದೆ.

ಹಳೆಯ ಆವೃತ್ತಿ ಇದ್ದರೆ, ಅಥವಾ ಈ ಬಗೆಯ ಚಾರ್ಟ್ ಇಲ್ಲದ ಬೇರೆ ಶೀಟ್ ಬಳಸುತ್ತಿದ್ದರೆ, ಒಂದರ ಮೇಲೊಂದು ಪೇರಿಸುವ ಸ್ಟ್ಯಾಕ್ಡ್ ಕಾಲಮ್ ಚಾರ್ಟ್‌ನಿಂದ ಮಾಡಬಹುದು. ತೇಲುವ ಕಂಬದ ಅಡಿಯಲ್ಲಿ ಬಣ್ಣವಿಲ್ಲದ, ಕಾಣದ ಕಂಬ ಇಡುವುದೇ ಇದರ ಗುಟ್ಟು. ಇದನ್ನು ಒಮ್ಮೆ ಕೈಯಾರೆ ಮಾಡಿ ನೋಡಿದವರಿಗೆ ವಾಟರ್‌ಫಾಲ್ ಹೇಗೆ ನಿಂತಿದೆ ಅಂತ ಚೆನ್ನಾಗಿ ತಿಳಿಯುತ್ತದೆ.

A ಕಾಲಮ್‌ನಲ್ಲಿ ಹೆಸರು, B ಕಾಲಮ್‌ನಲ್ಲಿ ಅಂಕಿ. ಎರಡನೇ ಸಾಲಿನಲ್ಲಿ ಕಳೆದ ವರ್ಷದ ಲಾಭ, 3ರಿಂದ 8ರವರೆಗೆ ಆರು ಕಾರಣಗಳು, 9ರಲ್ಲಿ ಈ ವರ್ಷದ ಲಾಭ. C ಕಾಲಮ್‌ನಲ್ಲಿ ಈವರೆಗೆ ಎಲ್ಲಿಗೆ ಬಂದೆವು ಅನ್ನುವ ಮೊತ್ತ. D ಕಾಣದ ಅಡಿಪಾಯ, E ಒಟ್ಟು ಮೊತ್ತದ ಕಂಬ, F ಏರಿಕೆ, G ಇಳಿಕೆ.

```
C2: =B2
C3: =C2+B3
D3: =MIN(C2,C3)
F3: =MAX(B3,0)
G3: =MAX(-B3,0)
E2: =B2
E9: =B9
H9: =ROUND(C8-B9,2)
```

ಮೂರನೇ ಸಾಲಿನ ಸೂತ್ರಗಳನ್ನು ಎಂಟನೇ ಸಾಲಿನವರೆಗೆ ಎಳೆಯಿರಿ. ಉದಾಹರಣೆಗೆ ಮಿಕ್ಸ್ ಸಾಲನ್ನು ನೋಡಿ. ಹಿಂದಿನ ಮೊತ್ತ 17.6, ಈಗ 14.0. ಎರಡರಲ್ಲಿ ಚಿಕ್ಕದು 14.0, ಅದು ಕಾಣದ ಅಡಿಪಾಯ. ಅದರ ಮೇಲೆ 3.6ರ ಇಳಿಕೆ ಕಂಬ ಕೂತರೆ ಅದರ ತಲೆ ಸರಿಯಾಗಿ 17.6ಕ್ಕೆ ಬರುತ್ತದೆ. ಆಮೇಲೆ A ಕಾಲಮ್ ಜೊತೆಗೆ D, E, F, G ಆಯ್ದುಕೊಂಡು ಸ್ಟ್ಯಾಕ್ಡ್ ಕಾಲಮ್ ಹಾಕಿ, D ಸರಣಿಗೆ No fill ಕೊಡಿ.

H9ರಲ್ಲಿ ಸೊನ್ನೆ ಬರಬೇಕು. ಇದಕ್ಕೆ ಬೆಲೆ ಇರಬೇಕಾದರೆ B9ರ 11.3 ಲಾಭ-ನಷ್ಟದ ಪಟ್ಟಿಯಿಂದ ನೇರವಾಗಿ ಬಂದಿರಬೇಕು. ಮೆಟ್ಟಿಲುಗಳನ್ನು ಕೂಡಿಸಿ ಬಂದ ಮೊತ್ತವನ್ನೇ B9ರಲ್ಲಿ ಹಾಕಿದರೆ ಪರೀಕ್ಷೆ ಯಾವಾಗಲೂ ಪಾಸೇ. ಲೇಬಲ್‌ಗಳಲ್ಲಿ ದಶಾಂಶ ತೆಗೆದು ತೋರಿಸುವಾಗಲೂ ಒಂದು ಎಚ್ಚರ ಬೇಕು. ಎಲ್ಲವನ್ನೂ ಪೂರ್ಣ ಸಂಖ್ಯೆ ಮಾಡಿದರೆ ನಮ್ಮ ಮೆಟ್ಟಿಲುಗಳು +6, −4, +2, −3, −2, 0 ಆಗುತ್ತವೆ. 12ರಿಂದ ಹೊರಟವರು 11ಕ್ಕೆ ಬರುತ್ತಾರೆ, ಅದೃಷ್ಟಕ್ಕೆ ಅದು 11.3ಕ್ಕೂ ಹೊಂದುತ್ತದೆ. ಆದರೆ ಇತರ ಖರ್ಚಿನ ಕಂಬದ ಮೇಲೆ ಸೊನ್ನೆ ಅಂತ ಬರೆದಿರುತ್ತದೆ, ಕಂಬ ಮಾತ್ರ ಕಾಣುತ್ತಿರುತ್ತದೆ. ಮೀಟಿಂಗಿನಲ್ಲಿ ಕ್ಯಾಲ್ಕುಲೇಟರ್ ಹಿಡಿದು ಕೂಡಿಸುವವರು ಒಬ್ಬರಾದರೂ ಇರುತ್ತಾರೆ, ಒಂದು ದಶಾಂಶ ಇಡುವುದೇ ಮೇಲು.

ಕಾಣದ ಅಡಿಪಾಯದ ಈ ಉಪಾಯಕ್ಕೆ ಒಂದು ಮಿತಿ ಇದೆ. ಮೊತ್ತ ಸೊನ್ನೆಯನ್ನು ದಾಟಿದರೆ ಕೆಲಸ ಕೆಡುತ್ತದೆ. ಲಾಭ 2 ಇದ್ದದ್ದು ಒಂದೇ ಮೆಟ್ಟಿಲಲ್ಲಿ 5 ಇಳಿದು −3 ಆಯಿತು ಅನ್ನಿ. ಸೂತ್ರದ ಪ್ರಕಾರ ಅಡಿಪಾಯ −3, ಕಂಬ 5. ಆದರೆ ಸ್ಟ್ಯಾಕ್ಡ್ ಚಾರ್ಟ್ ಋಣ ಅಂಕಿಗಳನ್ನು ಸೊನ್ನೆಯಿಂದ ಕೆಳಗೂ, ಧನ ಅಂಕಿಗಳನ್ನು ಸೊನ್ನೆಯಿಂದ ಮೇಲೂ ಬೇರೆ ಬೇರೆಯಾಗಿ ಪೇರಿಸುತ್ತದೆ. ಹಾಗಾಗಿ 2ರಿಂದ −3ಕ್ಕೆ ಇರಬೇಕಾದ ಕಂಬ ಸೊನ್ನೆಯಿಂದ 5ಕ್ಕೆ ನಿಲ್ಲುತ್ತದೆ. ಕಂಬದ ತುದಿ ಪಕ್ಕದ ಕಂಬದ ತುದಿಗೆ ಹೊಂದದೆ ಇದ್ದರೆ ಇದೇ ರೋಗ. ನಷ್ಟಕ್ಕೆ ಇಳಿಯುವ ಸಾಧ್ಯತೆ ಇದ್ದರೆ ಸಿದ್ಧ ವಾಟರ್‌ಫಾಲ್ ಬಳಸಿ. ಇಲ್ಲವೇ ಲೈನ್ ಚಾರ್ಟ್‌ನಲ್ಲಿ ಎರಡು ಸರಣಿ ಇಟ್ಟು, ಮೊದಲನೆಯದು ಪ್ರತಿ ಮೆಟ್ಟಿಲಿನ ಶುರು, ಎರಡನೆಯದು ಕೊನೆ, Up/Down Bars ಹಾಕಿ, ಗೆರೆಗಳನ್ನು ಮರೆಮಾಡಿ. ಆ ಕಂಬಗಳಿಗೆ ಸೊನ್ನೆಯ ಹಂಗಿಲ್ಲ.

ನೋಡುವವರ ಕಣ್ಣಿಗೆ

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ. ಲಾಭದ ಚಾರ್ಟ್‌ನಲ್ಲಿ ಮೇಲೆ ಹೋಗುವುದು ಒಳ್ಳೆಯದು. ಖರ್ಚಿನ ಬಜೆಟ್ ಚಾರ್ಟ್‌ನಲ್ಲಿ ಮೇಲೆ ಹೋಗುವುದು ಕೆಟ್ಟದ್ದು. ಸಾಫ್ಟ್‌ವೇರ್‌ಗೆ ಏರಿಕೆ, ಇಳಿಕೆ ಮಾತ್ರ ಗೊತ್ತು, ಒಳ್ಳೆಯದು-ಕೆಟ್ಟದ್ದು ಗೊತ್ತಿಲ್ಲ. ಖರ್ಚಿನ ಚಾರ್ಟ್ ಆದರೆ ಬಣ್ಣಗಳನ್ನು ನೀವೇ ಅದಲುಬದಲು ಮಾಡಬೇಕು. ಕೆಂಪು-ಹಸಿರಿನ ವ್ಯತ್ಯಾಸ ಕಾಣದವರೂ ಇರುತ್ತಾರೆ, ಹಾಗಾಗಿ ನೀಲಿ-ಕಿತ್ತಳೆ ಒಳ್ಳೆಯ ಜೋಡಿ. ಹೇಗಿದ್ದರೂ ಕಂಬದ ಮೇಲೆ + ಅಥವಾ − ಚಿಹ್ನೆ ಇರಲಿ.

ಅಕ್ಷದ ವಿಷಯ ಇಷ್ಟು ಹಗುರವಲ್ಲ. ಲಾಭ 500, ಮೆಟ್ಟಿಲುಗಳು 4, 6, 3 ಅಂತ ಇದ್ದರೆ ತೇಲುವ ಕಂಬಗಳು ಗೆರೆಗಳಂತೆ ಕಾಣುತ್ತವೆ. ಆಗ ಅಕ್ಷವನ್ನು ಸೊನ್ನೆಯ ಬದಲು 480ರಿಂದ ಶುರು ಮಾಡುವ ಆಸೆಯಾಗುತ್ತದೆ. ತೇಲುವ ಕಂಬಗಳಿಗೆ ಅದರಿಂದ ಅನ್ಯಾಯವಿಲ್ಲ, ಅವುಗಳ ಉದ್ದ ಒಂದಕ್ಕೊಂದು ಸರಿಯಾಗಿಯೇ ಇರುತ್ತದೆ. ಸುಳ್ಳಾಗುವುದು ಎರಡು ತುದಿಯ ಕಂಬಗಳು. 500ರಿಂದ 495ಕ್ಕೆ ಇಳಿದದ್ದು ಶೇ 1 ಮಾತ್ರ, ಚಿತ್ರದಲ್ಲಿ ಕಾಲುಭಾಗ ಕುಸಿದಂತೆ ಕಾಣುತ್ತದೆ. ಇಂಥ ಕಡೆ ನಾನಾದರೆ ತುದಿಯ ಕಂಬಗಳನ್ನೇ ಕೈಬಿಡುತ್ತೇನೆ. ಚಾರ್ಟ್ ಸೊನ್ನೆಯಿಂದ ಶುರುವಾಗಿ ವ್ಯತ್ಯಾಸಗಳನ್ನು ಮಾತ್ರ ತೋರಿಸಿ, ಒಟ್ಟು ವ್ಯತ್ಯಾಸಕ್ಕೆ ಮುಗಿಯಲಿ. 500 ಮತ್ತು 495 ಅನ್ನುವುದು ತಲೆಬರಹದಲ್ಲಿ ಇದ್ದರೆ ಸಾಕು. ನಮ್ಮ ಬ್ಯಾಗ್ ಲೆಕ್ಕದಲ್ಲಿ 12ರ ಎದುರು 5.6, 3.6 ಇರುವುದರಿಂದ ಈ ತಾಪತ್ರಯ ಇಲ್ಲ.

ಇನ್ನೊಂದು ಗೊಂದಲ ಓದುವವರ ಕಡೆಯಿಂದ ಬರುತ್ತದೆ. ಎಡದಿಂದ ಬಲಕ್ಕೆ ಹೋಗುವುದರಿಂದ ಇದನ್ನು ಕಾಲದ ಕ್ರಮ ಅಂತ ತಿಳಿಯುತ್ತಾರೆ. ಮೊದಲು ಲಾಭ 17.6ಕ್ಕೆ ಹೋಗಿತ್ತು, ಆಮೇಲೆ 14ಕ್ಕೆ ಬಿತ್ತು ಅಂತ. ಲಾಭ ಯಾವತ್ತೂ 17.6 ಇರಲೇ ಇಲ್ಲ. ಸಂಖ್ಯೆ ಮಾತ್ರ ಏರಿ ಬೇರೇನೂ ಬದಲಾಗದಿದ್ದರೆ ಎಷ್ಟಾಗುತ್ತಿತ್ತು ಅನ್ನುವ ಊಹೆಯ ಅಂಕಿ ಅದು. ನಡುವಿನ ಮಟ್ಟಗಳಲ್ಲಿ ಒಂದಕ್ಕೆ ಮಾತ್ರ ಹೆಸರಿಟ್ಟು ಕಂಬ ನಿಲ್ಲಿಸಬಹುದು: ತಯಾರಿಕೆ ವೆಚ್ಚದ ನಂತರದ 13.1. ಸಂಬಳ, ಬಾಡಿಗೆ ಏರದೆ ಇದ್ದಿದ್ದರೆ ಲಾಭ 13.1 ಲಕ್ಷ ಆಗುತ್ತಿತ್ತು, ಅಂದರೆ ಕಳೆದ ವರ್ಷಕ್ಕಿಂತ ಜಾಸ್ತಿಯೇ. ಬ್ಯಾಗಿನ ವ್ಯಾಪಾರ ಒಂದು ಕಡೆ, ಆಫೀಸು ನಡೆಸುವ ಖರ್ಚು ಇನ್ನೊಂದು ಕಡೆ ಅಂತ ಚಾರ್ಟ್ ಎರಡಾಗಿ ಒಡೆಯುತ್ತದೆ.

ಕಂಬಗಳ ನಡುವಿನ ನಂಟು

ಈ ಕಂಬಗಳು ಲೆಕ್ಕದಲ್ಲಿ ಬೇರೆ ಬೇರೆ, ವ್ಯಾಪಾರದಲ್ಲಿ ಹಾಗಿರಬೇಕೆಂದಿಲ್ಲ. ಸಂಬಳ 1.5 ಲಕ್ಷ ಏರಿದ್ದು ಎಲ್ಲರಿಗೂ ಕೊಟ್ಟ ಇಂಕ್ರಿಮೆಂಟೋ, ಹೆಚ್ಚಿನ 2,000 ಬ್ಯಾಗ್ ಮಾಡಿ ಕಳಿಸಲು ಕೊಟ್ಟ ಓವರ್‌ಟೈಮೋ? ಓವರ್‌ಟೈಮ್ ಆಗಿದ್ದರೆ ಅದು ವಾಲ್ಯೂಮ್‌ನ ಖರ್ಚು. ಆಗ ಜಾಸ್ತಿ ಮಾರಿದ್ದರಿಂದ ಬಂದದ್ದು 5.6 ಅಲ್ಲ, 4.1 ಲಕ್ಷ. ಅದರಲ್ಲೂ ಹೆಚ್ಚಿಗೆ ಹೋದದ್ದೆಲ್ಲ ಕಮ್ಮಿ ಮಾರ್ಜಿನ್‌ನ ಸಣ್ಣ ಬ್ಯಾಗೇ ಆಗಿರುವುದರಿಂದ ಮಿಕ್ಸ್‌ನ 3.6 ಕಳೆದರೆ ಉಳಿಯುವುದು ಬರೀ 0.5 ಲಕ್ಷ. 2,000 ಬ್ಯಾಗ್ ಜಾಸ್ತಿ ಮಾರಿದ್ದಕ್ಕೆ ಕೈಗೆ ಸಿಕ್ಕಿದ್ದು ಇಷ್ಟೇ ಅಂತಾದರೆ, ಮುಂದಿನ ವರ್ಷದ ಬಜೆಟ್‌ನಲ್ಲಿ ಸಣ್ಣ ಬ್ಯಾಗಿನ ಗುರಿಯನ್ನು ಇನ್ನೂ ಏರಿಸಬೇಕೋ ಬೇಡವೋ ಅನ್ನುವ ಚರ್ಚೆಯೇ ಬೇರೆ ಆಗುತ್ತದೆ. ಹಾಗಾಗಿ ಚಾರ್ಟ್ ಸ್ಲೈಡಿಗೆ ಹೋಗುವ ಮೊದಲು ಸಂಬಳದ ಪಟ್ಟಿ ತೆರೆದು ಆ 1.5 ಲಕ್ಷದಲ್ಲಿ ಓವರ್‌ಟೈಮ್ ಎಷ್ಟಿದೆ ಅಂತ ನೋಡಿ, ಬೇಕಾದರೆ ಆ ಕಂಬವನ್ನು ಎರಡು ಮಾಡಿ.